ಪಿಎಫ್ ದುಡ್ಡು ಕೈಗೆ ಬಂದ ಮೇಲೆ

(ರಾಜಾಜಿನಗರದಲ್ಲಿ ನಮ್ಮ ಬಡಾವಣೆಯವರು ಒಂದು ಭಾನುವಾರ ಬೆಳಿಗ್ಗೆ ಸೇರಿದ್ದಾಗ ಆಡಿದ ಮಾತು ಇದು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಅಕೌಂಟ್ಸ್ ನೋಡಿಕೊಂಡವನು. ರಿಟೈರ್ ಆಗುವವರ ಪಿಎಫ್ ಕಾಗದಪತ್ರ ನನ್ನ ಮೇಜಿನ ಮೇಲೆಯೇ ಹೋಗುತ್ತಿತ್ತು. ಅದಕ್ಕೇ ಇವತ್ತಿಗೂ ಅರವತ್ತರ ಹತ್ತಿರ ಬಂದವರು ಮನೆಗೆ ಬರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಸಾರ್, ಪಿಎಫ್ ದುಡ್ಡು ಪೂರ್ತಿ ಪೆನ್ಷನ್ ಪಾಲಿಸಿಗೆ ಹಾಕಿಬಿಡಲಾ? ತಿಂಗಳು ತಿಂಗಳು ಬರ್ತಾ ಇರುತ್ತೆ, ತಲೆನೋವಿಲ್ಲ."

ಇವತ್ತು ನಾನು ಹೇಳುವುದೆಲ್ಲ ಈ ಪ್ರಶ್ನೆಗೆ ಉತ್ತರವೇ. ಪೆನ್ಷನ್ ಪಾಲಿಸಿ ಬೇಕು. ಆದರೆ ಅರವತ್ತಕ್ಕೆ ಸ್ವಲ್ಪ ಸಾಕು, ಎಪ್ಪತ್ತರ ಹೊತ್ತಿಗೆ ಜಾಸ್ತಿ ಬೇಕು. ನಾನು ಇದನ್ನು ಉಲ್ಟಾ ಮಾಡಿದೆ. 2020ರಲ್ಲಿ ರಿಟೈರ್ ಆದ ತಿಂಗಳೇ 15 ಲಕ್ಷ ಹಾಕಿದೆ. ತಿಂಗಳಿಗೆ 8,000 ರೂಪಾಯಿ ಅಂದರು. ಇವತ್ತೂ 8,000, ನಾನು ಇರುವವರೆಗೂ 8,000. ಆ ವರ್ಷ ನಂದಿನಿ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 37 ರೂಪಾಯಿ ಇತ್ತು. 2025ರ ಏಪ್ರಿಲ್‌ನಲ್ಲಿ 46 ಆಯಿತು. ಯಾರೂ ನನಗೆ ಮೋಸ ಮಾಡಲಿಲ್ಲ. ಪಾಲಿಸಿಯಲ್ಲಿ ಬರೆದಿದ್ದನ್ನೇ ಕೊಡುತ್ತಿದ್ದಾರೆ. ಲೆಕ್ಕ ಬರೆಯುವವನಾಗಿ ನಾನೇ ಲೆಕ್ಕ ಹಾಕಲಿಲ್ಲ, ಅಷ್ಟೇ.

ಒಂದು ಮನೆಯನ್ನು ಎದುರಿಗೆ ಇಟ್ಟುಕೊಂಡು ಮಾತಾಡೋಣ. ಇದು ಯಾರ ಮನೆಯೂ ಅಲ್ಲ, ಆದರೆ ನಿಮ್ಮಲ್ಲಿ ಬಹಳ ಜನಕ್ಕೆ ಹತ್ತಿರವಾಗಿಯೇ ಇರುತ್ತದೆ. ಯಜಮಾನರು 1996ರ ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಸೇರಿದರು. 2026ರ ಆಗಸ್ಟ್‌ಗೆ 58 ತುಂಬುತ್ತದೆ, 60ಕ್ಕೆ ರಿಟೈರ್. ಮನೆಯಾಕೆಗೆ ಅವರಿಗಿಂತ 4 ವರ್ಷ ಕಡಿಮೆ. ಮನೆ ಸ್ವಂತದ್ದು, ಸಾಲವಿಲ್ಲ. ರಿಟೈರ್ ಆದಾಗ ಪಿಎಫ್ 62 ಲಕ್ಷ, ಗ್ರಾಚ್ಯುಟಿ 12 ಲಕ್ಷ ಬರುತ್ತದೆ. ವರ್ಷಗಳಿಂದ ಸೇರಿಸಿದ ಷೇರು 18 ಲಕ್ಷದಷ್ಟಿದೆ.

ಈಗ ಖರ್ಚು. ರೇಷನ್, ಹಾಲು, ತರಕಾರಿ, ಗ್ಯಾಸ್ ಸೇರಿ 15,000. ಕರೆಂಟು, ನೀರು, ಫೋನು 4,000. ಮನೆಗೆಲಸಕ್ಕೆ ಬರುವವರಿಗೆ 3,000. ಮಾತ್ರೆ, ಡಾಕ್ಟರು 5,000. ಆರೋಗ್ಯ ವಿಮೆಯ ಪ್ರೀಮಿಯಂ ತಿಂಗಳ ಲೆಕ್ಕಕ್ಕೆ 5,000. ಮನೆ ಕಂದಾಯ, ಸಣ್ಣಪುಟ್ಟ ರಿಪೇರಿ 2,000. ಆಟೋ, ಪೆಟ್ರೋಲು 2,000. ಒಟ್ಟು 36,000. ಇದು ಬಿಡಲಾಗದ ಖರ್ಚು. ಹಬ್ಬ, ಮದುವೆ ಮುಯ್ಯಿ, ಮೊಮ್ಮಕ್ಕಳು, ವರ್ಷಕ್ಕೊಂದು ಪ್ರವಾಸ ಅಂತ ಇನ್ನೊಂದು 14,000. ಇದನ್ನು ಬೇಕಾದರೆ ಒಂದು ವರ್ಷ ಹಿಡಿಯಬಹುದು. ಎರಡೂ ಸೇರಿ ತಿಂಗಳಿಗೆ 50,000.

ಈ ಎರಡು ಮೊತ್ತವನ್ನು ಬೇರೆ ಬೇರೆ ಬರೆದಿಡಿ. 36,000ಕ್ಕೆ ಖಚಿತವಾದ ಆದಾಯ ಬೇಕು. 14,000ಕ್ಕೆ ಏರಿಳಿಯುವ ಆದಾಯವಾದರೂ ನಡೆಯುತ್ತದೆ.

ಮೊದಲು ನಮ್ಮದೇ ಪೆನ್ಷನ್. ಪಿಎಫ್ ಜೊತೆಗೆ ಕಂಪನಿ ಕಟ್ಟುವ ಹಣದಲ್ಲಿ ಒಂದು ಪಾಲು, ಈಗಿನ ಮಿತಿಯಲ್ಲಿ ತಿಂಗಳಿಗೆ 1,250 ರೂಪಾಯಿ, ಇಪಿಎಸ್ ಎಂಬ ಪೆನ್ಷನ್ ಯೋಜನೆಗೆ ಹೋಗುತ್ತದೆ. ಬಹಳ ಜನ ಇದರ ಲೆಕ್ಕ ಹೀಗೆ ಹಾಕುತ್ತಾರೆ: 15,000 ಸಂಬಳ, 30 ವರ್ಷ ಸರ್ವೀಸು, 20 ವರ್ಷ ದಾಟಿದ್ದಕ್ಕೆ ಬೋನಸ್ಸಾಗಿ 2 ವರ್ಷ, ಒಟ್ಟು 32. ಹದಿನೈದು ಸಾವಿರವನ್ನು 32ರಿಂದ ಗುಣಿಸಿ 70ರಿಂದ ಭಾಗಿಸಿದರೆ 6,857. ಇಷ್ಟು ಬರುತ್ತದೆ ಅಂತ ಮನೆಯಲ್ಲಿ ಹೇಳಿಯೂ ಇರುತ್ತಾರೆ.

ಅಷ್ಟು ಬರುವುದಿಲ್ಲ. 15,000ದ ಮಿತಿ ಬಂದಿದ್ದು 2014ರ ಸೆಪ್ಟೆಂಬರ್ 1ಕ್ಕೆ. ಅದಕ್ಕೆ ಮೊದಲಿನ ಸರ್ವೀಸಿಗೆ 6,500ರ ಮಿತಿಯಲ್ಲೇ ಲೆಕ್ಕ. ನಮ್ಮ ಯಜಮಾನರಿಗೆ ಹಳೆಯ ಮಿತಿಯಲ್ಲಿ 18 ವರ್ಷ, ಅಂದರೆ 1,671 ರೂಪಾಯಿ. ಹೊಸ ಮಿತಿಯಲ್ಲಿ 12 ವರ್ಷ, 2,571 ರೂಪಾಯಿ. ಬೋನಸ್ ವರ್ಷಗಳನ್ನೂ ಸೇರಿಸಿದರೆ ಸುಮಾರು 4,500. ಇದೂ ಏರುವುದಿಲ್ಲ, ಇದಕ್ಕೆ ತುಟ್ಟಿಭತ್ಯೆ ಇಲ್ಲ. (ಪೂರ್ತಿ ಸಂಬಳದ ಮೇಲೆ ಹೆಚ್ಚಿನ ಪೆನ್ಷನ್ ಆಯ್ದುಕೊಂಡವರ ವಿಷಯ ಬೇರೆ, ಅದಕ್ಕೆ ಇವತ್ತು ಕೈ ಹಾಕುವುದಿಲ್ಲ.)

ಈ ಪೆನ್ಷನ್ 58ಕ್ಕೇ ಶುರುವಾಗುತ್ತದೆ. ನೀವು ಇನ್ನೂ ಕೆಲಸದಲ್ಲಿದ್ದರೂ ಪರವಾಗಿಲ್ಲ. ಬೇಡ ಅಂದರೆ 60ರವರೆಗೆ ಮುಂದೂಡಬಹುದು, ವರ್ಷಕ್ಕೆ 4% ಜಾಸ್ತಿ ಕೊಡುತ್ತಾರೆ. ಕೇಳಲು ಚೆನ್ನಾಗಿದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಎರಡು ವರ್ಷ ಬಿಟ್ಟರೆ 4,500 ಇದ್ದದ್ದು ಸುಮಾರು 4,870 ಆಗುತ್ತದೆ. ತಿಂಗಳಿಗೆ 370 ಜಾಸ್ತಿ. ಅದಕ್ಕಾಗಿ ಬಿಟ್ಟುಕೊಟ್ಟದ್ದು 24 ತಿಂಗಳ ಪೆನ್ಷನ್, 1,08,000 ರೂಪಾಯಿ. ಆ ದುಡ್ಡು ವಾಪಸ್ ಬರಬೇಕಾದರೆ 24 ವರ್ಷ ಬೇಕು. ಆಗ ವಯಸ್ಸು 84. ನಾನಂತೂ 58ಕ್ಕೇ ಪೆನ್ಷನ್ ಕೇಳುವ ಫಾರ್ಮ್ 10ಡಿ ಹಾಕಿ ಅನ್ನುತ್ತೇನೆ.

ಇಲ್ಲೊಂದು ಸಣ್ಣ ಎಡವಟ್ಟು ಪದೇ ಪದೇ ಆಗುತ್ತದೆ. 58 ತುಂಬಿದ ಮೇಲೆ ಕಂಪನಿ ಇಪಿಎಸ್‌ಗೆ ದುಡ್ಡು ಕಟ್ಟುವಂತಿಲ್ಲ, ಅದರ ಪಾಲು ಪೂರ್ತಿ ಪಿಎಫ್‌ಗೆ ಹೋಗಬೇಕು. ಆದರೆ ಕಂಪ್ಯೂಟರಿನಲ್ಲಿ ಯಾರೂ ಬದಲಾಯಿಸಿರುವುದಿಲ್ಲ. 1,250 ಹೋಗುತ್ತಲೇ ಇರುತ್ತದೆ. ಆಮೇಲೆ ಪೆನ್ಷನ್ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಗೊತ್ತುಮಾಡಿಕೊಳ್ಳುವುದು ಸುಲಭ. ಪಿಎಫ್ ಪಾಸ್‌ಬುಕ್ಕಿನಲ್ಲಿ ಮೂರು ಕಾಲಂ ಇರುತ್ತದೆ: ನಿಮ್ಮ ಪಾಲು, ಕಂಪನಿ ಪಾಲು, ಪೆನ್ಷನ್ ಪಾಲು. 58 ತುಂಬಿದ ಮುಂದಿನ ತಿಂಗಳಿಂದ ಮೂರನೆಯದು ಸೊನ್ನೆ ಆಗಿರಬೇಕು. ಹಾಗೆಯೇ ಆಧಾರ್‌ನಲ್ಲಿರುವ ಹುಟ್ಟಿದ ದಿನ, ಹೆಸರಿನ ಇನಿಷಿಯಲ್ಲು ಪಿಎಫ್ ದಾಖಲೆಗೆ ಹೊಂದುತ್ತದೆಯೇ ಅಂತ ಈಗಲೇ ನೋಡಿ. ನಮ್ಮ ಕಡೆ ಊರಿನ ಹೆಸರು ಒಂದು ಕಡೆ ಇನಿಷಿಯಲ್ಲು, ಇನ್ನೊಂದು ಕಡೆ ಸರ್‌ನೇಮು ಆಗಿರುತ್ತದೆ. ಕೆಲಸದಲ್ಲಿ ಇರುವಾಗಲೇ ತಿದ್ದಿಸುವುದು ಸುಲಭ, ಎಚ್‌ಆರ್‌ನವರು ಎದುರಿಗೇ ಇರುತ್ತಾರೆ.

ಇನ್ನು 62 ಲಕ್ಷದ ಪಿಎಫ್. ಸುಮ್ನೆ ಅಲ್ಲೇ ಬಿಟ್ಟರೆ ಬಡ್ಡಿ ಬರುತ್ತದಲ್ಲ ಅಂತ ಒಬ್ಬರು ಈಗ ಕೇಳಿದರು. 2024-25ಕ್ಕೆ 8.25% ಕೊಟ್ಟಿದ್ದಾರೆ, ಹಾಗಾಗಿ ಆಸೆ ಸಹಜ. ಆದರೆ ಎರಡು ವಿಷಯ ಇದೆ. ರಿಟೈರ್ ಆಗಿ ಮೂರು ವರ್ಷದೊಳಗೆ ಕ್ಲೇಮ್ ಮಾಡದಿದ್ದರೆ ಆ ಖಾತೆ ನಿಷ್ಕ್ರಿಯ ಆಗುತ್ತದೆ, ಬಡ್ಡಿ ನಿಲ್ಲುತ್ತದೆ. ಎರಡನೆಯದು, ಕೆಲಸ ಬಿಟ್ಟ ದಿನದವರೆಗಿನ ಮೊತ್ತಕ್ಕೆ ಮಾತ್ರ ಪಿಎಫ್‌ನ ತೆರಿಗೆ ರಿಯಾಯಿತಿ. ಆಮೇಲೆ ಬಂದ ಬಡ್ಡಿಗೆ ತೆರಿಗೆ ಇದೆ. 2017ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ನಮ್ಮ ಬೆಂಗಳೂರು ಪೀಠವೇ ಹೀಗೆ ತೀರ್ಪು ಕೊಟ್ಟಿತು. ರಿಟೈರ್ ಆಗಿ ವರ್ಷಗಟ್ಟಲೆ ಪಿಎಫ್ ತೆಗೆಯದೆ ಬಿಟ್ಟವರೊಬ್ಬರ ಪ್ರಕರಣ ಅದು. ಆರು ತಿಂಗಳು, ಒಂದು ವರ್ಷ ಯೋಚಿಸಲು ಸಮಯ ಬೇಕು ಅಂದರೆ ಅಲ್ಲಿ ಬಿಡಿ. ಅಲ್ಲೇ ಮರೆತುಬಿಡಬೇಡಿ.

ತೆಗೆದ ಹಣ ಮೊದಲು ಹೋಗಬೇಕಾದ ಜಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆ. 60 ತುಂಬಿದವರು 30 ಲಕ್ಷದವರೆಗೆ ಇಡಬಹುದು. ಪೋಸ್ಟಾಫೀಸಿನಲ್ಲೂ ಬ್ಯಾಂಕಿನಲ್ಲೂ ಸಿಗುತ್ತದೆ. ನಾನು ಹಾಕುವ ಲೆಕ್ಕ 8.2% ದರದ್ದು. ನೀವು ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಪಾಲಿಸಿಗಿಂತ ಜಾಸ್ತಿ ಬರುತ್ತದೆ, ಸರ್ಕಾರದ ಭರವಸೆ ಇದೆ, ಐದು ವರ್ಷಕ್ಕೆ ಅಸಲೂ ವಾಪಸ್. ಇಷ್ಟಿದ್ದೂ ಜನ ನೇರ ಪಾಲಿಸಿಗೆ ಹೋಗುತ್ತಾರೆ. ಇದನ್ನು ಮಾರಲು ಮನೆ ಬಾಗಿಲಿಗೆ ಯಾರೂ ಬರುವುದಿಲ್ಲವಲ್ಲ!

ಇಪಿಎಸ್ 4,500, ಇದು 20,500, ಒಟ್ಟು 25,000 ಆಯಿತು. 36,000ಕ್ಕೆ ಇನ್ನೂ 11,000 ಕಡಿಮೆ. ಇಲ್ಲಿ ಪೆನ್ಷನ್ ಪಾಲಿಸಿ ಬರುತ್ತದೆ. ಇಂಗ್ಲಿಷಿನಲ್ಲಿ ಆನ್ಯುಟಿ ಅನ್ನುತ್ತಾರೆ, ಹಿಂದಿನವರು ವರ್ಷಾಶನ ಅನ್ನುತ್ತಿದ್ದರು.

ಇದು ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಗುಟ್ಟು ಇರುವುದೇ ಇಲ್ಲಿ. ನಿಮಗೆಲ್ಲ ಚೀಟಿ ಗೊತ್ತು. ಎಪ್ಪತ್ತು ವರ್ಷದ ನೂರು ಜನ ಸೇರಿ ಒಂದು ವಿಚಿತ್ರ ಚೀಟಿ ಹಾಕುತ್ತಾರೆ ಅಂದುಕೊಳ್ಳಿ. ತಲೆಗೆ ಒಂದು ಲಕ್ಷ, ಒಟ್ಟು ಒಂದು ಕೋಟಿ. ವರ್ಷಕ್ಕೆ 7 ಲಕ್ಷ ಬಡ್ಡಿ. ಕರಾರು ಏನೆಂದರೆ, ತೀರಿಕೊಂಡವರ ಹಣ ಮನೆಗೆ ಹೋಗುವುದಿಲ್ಲ, ಉಳಿದವರಿಗೆ ಸೇರುತ್ತದೆ. ಲೆಕ್ಕಕ್ಕೆ ಆ ವರ್ಷ 3 ಜನ ಹೋದರು ಅನ್ನೋಣ. ಅವರ 3 ಲಕ್ಷವೂ ಉಳಿದ 97 ಜನರ ಪಾಲಿಗೆ ಬಂತು. ಬಡ್ಡಿ ಒಂದರಿಂದ ಸಿಗದಷ್ಟು ಅವರಿಗೆ ಸಿಗುತ್ತದೆ. ಆನ್ಯುಟಿಯ ನಿಜವಾದ ಶಕ್ತಿ ಇದು. ನೂರು ವರ್ಷ ಬದುಕಿದವನಿಗೂ ದುಡ್ಡು ಮುಗಿಯುವುದಿಲ್ಲ ಎನ್ನುವುದು ಇದರಿಂದಲೇ ಸಾಧ್ಯ.

ಈಗ ಅದೇ ಚೀಟಿಯನ್ನು ಅರವತ್ತು ವರ್ಷದವರು ಹಾಕಿದರೆ? ವರ್ಷಕ್ಕೆ ಒಬ್ಬರು ಹೋದರೆ ಹೆಚ್ಚು. ಉಳಿದವರಿಗೆ ಸಿಗುವ ಹೆಚ್ಚುವರಿ ಬಹಳ ಸಣ್ಣದು. ಅಂದರೆ ಅರವತ್ತರಲ್ಲಿ ಆನ್ಯುಟಿ ಕೊಂಡರೆ ನಿಮಗೆ ಬರುವುದು ಹೆಚ್ಚುಕಡಿಮೆ ಬರೀ ಬಡ್ಡಿ. ಎಪ್ಪತ್ತರಲ್ಲಿ ಕೊಂಡರೆ ಬಡ್ಡಿಯ ಮೇಲೆ ಚೀಟಿಯ ಲಾಭವೂ ಸೇರುತ್ತದೆ.

"ಅಸಲು ವಾಪಸ್" ಅನ್ನುವ ಆಯ್ಕೆ ಇದೆಯಲ್ಲ, ನಾವು ಸತ್ತ ಮೇಲೆ ಹಾಕಿದ ಹಣ ಮಕ್ಕಳಿಗೆ ಕೊಡುವುದು, ಅದರಲ್ಲಿ ಚೀಟಿಯ ಲಾಭ ಇರುವುದೇ ಇಲ್ಲ. ಯಾರ ಹಣವೂ ಚೀಟಿಯಲ್ಲಿ ಉಳಿಯುವುದಿಲ್ಲ. ಅದು ಬರೀ ಬಡ್ಡಿ, ಕಂಪನಿ ತನ್ನ ಪಾಲು ತೆಗೆದುಕೊಂಡು ಉಳಿಸಿದ್ದು. ಅದಕ್ಕೇ ಅದರ ದರ ವಯಸ್ಸು ಹೆಚ್ಚಾದರೂ ಹೆಚ್ಚು ಏರುವುದಿಲ್ಲ. ಅಸಲು ವಾಪಸ್ ಇಲ್ಲದ, ಒಬ್ಬರ ಜೀವಕ್ಕೆ ಮಾತ್ರ ಇರುವ ಆಯ್ಕೆಯ ದರ ಅರವತ್ತಕ್ಕೆ 8% ಆಸುಪಾಸು ಇದ್ದರೆ, ಎಪ್ಪತ್ತಕ್ಕೆ 10% ಆಸುಪಾಸು ಹೋಗುತ್ತದೆ. ಕಂಪನಿಯಿಂದ ಕಂಪನಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಕೊಳ್ಳುವ ದಿನ ಮೂರು ಕಡೆ ಕೇಳಿ.

ಗಂಡ ಹೆಂಡತಿ ಇಬ್ಬರಿಗೂ ಸೇರಿ ತೆಗೆದುಕೊಂಡರೆ ಲೆಕ್ಕ ಇನ್ನೊಂದು ಥರ. ನಮ್ಮ ಯಜಮಾನರಿಗೆ 60, ಮನೆಯಾಕೆಗೆ 56. ಇಬ್ಬರಲ್ಲಿ ಕೊನೆಯವರು ಇರುವವರೆಗೂ ಪೂರ್ತಿ ಪೆನ್ಷನ್ ಕೊಡಬೇಕು. ಕಂಪನಿ ಬಹಳ ವರ್ಷ ಕೊಡಬೇಕಾಗುತ್ತದೆ ಅಂತ ದರ ಇಳಿಸುತ್ತದೆ. ಅಸಲು ವಾಪಸ್ ಇಲ್ಲದೆ 7.2%, ಅಸಲು ವಾಪಸ್ ಜೊತೆ 6.5% ಅಂತ ಇಟ್ಟುಕೊಳ್ಳಿ. 11,000ವನ್ನೂ ಪಾಲಿಸಿಯಿಂದಲೇ ತುಂಬಿಸಬೇಕಾದರೆ ಮೊದಲನೆಯದಕ್ಕೆ 18.3 ಲಕ್ಷ ಬೇಕು, ಎರಡನೆಯದಕ್ಕೆ 20.3 ಲಕ್ಷ. ವ್ಯತ್ಯಾಸ 2 ಲಕ್ಷ ಮಾತ್ರ. ಆ 2 ಲಕ್ಷವನ್ನು ಬೇರೆ ಕಡೆ 7.5%ಗೆ ಇಟ್ಟರೆ ಮೂವತ್ತು ವರ್ಷಕ್ಕೆ 17.5 ಲಕ್ಷ ಆಗುತ್ತದೆ. ವಾಪಸ್ ಬರುವ 20.3 ಲಕ್ಷಕ್ಕೆ ಹತ್ತಿರವೇ. ಅಂದರೆ ಈ ವಯಸ್ಸಿನ ಜೋಡಿಗೆ ಯಾವುದನ್ನು ಆರಿಸಿದರೂ ದೊಡ್ಡ ಲಾಭವೂ ಇಲ್ಲ, ದೊಡ್ಡ ನಷ್ಟವೂ ಇಲ್ಲ. ಏಜೆಂಟರು ಇದರ ಬಗ್ಗೆ ಎರಡು ಗಂಟೆ ಮಾತಾಡುತ್ತಾರೆ. ಅವರು ಮಾತಾಡದೆ ಬಿಡುವ ಪ್ರಶ್ನೆ, ಎಷ್ಟು ಹಾಕಬೇಕು, ಯಾವ ವಯಸ್ಸಿಗೆ ಹಾಕಬೇಕು ಎನ್ನುವುದು.

ನಾನಾದರೆ ಈ ಮನೆಗೆ ಅರವತ್ತಕ್ಕೆ 10 ಲಕ್ಷ ಮಾತ್ರ ಹಾಕಿಸುತ್ತೇನೆ. ಇಬ್ಬರಿಗೂ ಸೇರಿ, ಅಸಲು ವಾಪಸ್ ಜೊತೆ. ವರ್ಷಕ್ಕೆ 65,000, ತಿಂಗಳಿಗೆ ಸುಮಾರು 5,400. ತಿಂಗಳ ಬದಲು ವರ್ಷಕ್ಕೊಮ್ಮೆ ತೆಗೆದುಕೊಂಡರೆ ಸ್ವಲ್ಪ ಜಾಸ್ತಿ ಬರುತ್ತದೆ, ಆದರೆ ಮೊದಲ ಕಂತು ವರ್ಷ ಕಳೆದ ಮೇಲೆಯೇ ಕೈಗೆ. ಪಾಲಿಸಿ ಬಂದ ಮೇಲೆ ಓದಿ ಬೇಡ ಅನಿಸಿದರೆ 30 ದಿನದೊಳಗೆ ವಾಪಸ್ ಕೊಡಬಹುದು. ಓದುವಾಗ ಒಂದು ಜಾಗ ನೋಡಿ: ಪೆನ್ಷನ್ ಯಾವ ದಿನದಿಂದ ಶುರು ಅಂತ. ನನ್ನ ಭಾವಮೈದುನನಿಗೆ ಬ್ಯಾಂಕಿನ ಒಳಗೇ ಕೂತವರೊಬ್ಬರು "10% ಗ್ಯಾರಂಟಿ" ಅಂತ ಕೊಟ್ಟಿದ್ದರು. ಬಿಚ್ಚಿ ನೋಡಿದರೆ ಪೆನ್ಷನ್ ಶುರುವಾಗುವುದು ಏಳು ವರ್ಷದ ನಂತರ. ಏಳು ವರ್ಷ ದುಡ್ಡು ಸುಮ್ಮನೆ ಕೂತಿರುತ್ತದಲ್ಲ, ಆಮೇಲೆ 10% ಕೊಟ್ಟರೆ ಅದು ದೊಡ್ಡದೇನೂ ಅಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ವಾಪಸ್ ಕೊಡುವ ಗಡುವು ಮುಗಿದಿತ್ತು.

ಖಚಿತ ಆದಾಯ ಈಗ 30,400. ವರ್ಷಕ್ಕೆ 3,64,800. ಖರ್ಚು ವರ್ಷಕ್ಕೆ 6 ಲಕ್ಷ. ಉಳಿದದ್ದು ಡಿವಿಡೆಂಡಿನಿಂದ, ಅಂದರೆ ಷೇರಿನ ಕಂಪನಿಗಳು ಹಂಚುವ ಲಾಭದಿಂದ, ಬರುತ್ತದೆಯಾ?

ಡಿವಿಡೆಂಡ್ ಬಗ್ಗೆ ನಮ್ಮಲ್ಲಿ ಒಂದು ಭ್ರಮೆ ಇದೆ, ಮನೆ ಬಾಡಿಗೆ ಥರ ಬರುತ್ತದೆ ಅಂತ. ನಿಫ್ಟಿಯ ಐವತ್ತು ಕಂಪನಿಗಳನ್ನೂ ಸೇರಿಸಿ ನೋಡಿದರೆ ಡಿವಿಡೆಂಡ್ ಷೇರಿನ ಬೆಲೆಯ 1.3% ಆಸುಪಾಸು. 18 ಲಕ್ಷಕ್ಕೆ ವರ್ಷಕ್ಕೆ 23,000 ಚಿಲ್ಲರೆ. ಧಾರಾಳವಾಗಿ ಹಂಚುವ ಕಂಪನಿಗಳನ್ನೇ ಆರಿಸಿದವರಿಗೆ 2.5% ಅಂತ ಹಿಡಿದರೆ 45,000. ಅದೂ ತಿಂಗಳು ತಿಂಗಳು ಬರುವುದಿಲ್ಲ. ನಮ್ಮ ಕಂಪನಿಗಳ ವಾರ್ಷಿಕ ಸಭೆ ನಡೆದ ಮೇಲೆ ಅಂತಿಮ ಡಿವಿಡೆಂಡ್, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೆಚ್ಚಿನ ಪಾಲು ಬಂದುಬಿಡುತ್ತದೆ. ನಡುವೆ ಮಧ್ಯಂತರ ಡಿವಿಡೆಂಡ್ ಒಂದೆರಡು. ನಾನು ಮಾಡುವುದು ಹೀಗೆ: ಡಿವಿಡೆಂಡಿಗೆ ಅಂತ ಒಂದು ಬೇರೆ ಉಳಿತಾಯ ಖಾತೆ. ಈ ವರ್ಷ ಬಂದದ್ದನ್ನು ಮುಟ್ಟುವುದಿಲ್ಲ, ಮುಂದಿನ ಏಪ್ರಿಲ್‌ನಿಂದ ಖರ್ಚು ಮಾಡುತ್ತೇನೆ. ಆಗ ಪ್ರವಾಸಕ್ಕೆ ಎಷ್ಟಿದೆ ಅಂತ ಮೊದಲೇ ಗೊತ್ತಿರುತ್ತದೆ.

ನಿಂತೇ ಹೋಗಬಹುದು ಕೂಡ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಆ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದ ಲಾಭದಿಂದ ಡಿವಿಡೆಂಡ್ ಕೊಡಬೇಡಿ ಅಂತ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕೇ ಹೇಳಿತು. ಬ್ಯಾಂಕ್ ಷೇರುಗಳನ್ನೇ ನಂಬಿಕೊಂಡ ಹಿರಿಯರು ನಮ್ಮ ಬೀದಿಯಲ್ಲೇ ಇದ್ದರು. ಬ್ಯಾಂಕುಗಳಿಗೆ ಏನೂ ಆಗಲಿಲ್ಲ, ಇವರ ಆ ವರ್ಷದ ಆದಾಯ ಹೋಯಿತು. ಅದಕ್ಕೇ ಮಾತ್ರೆಗೂ ರೇಷನ್ನಿಗೂ ಡಿವಿಡೆಂಡ್ ನಂಬಬೇಡಿ ಅನ್ನುವುದು.

7%, 8% ಡಿವಿಡೆಂಡ್ ಅಂತ ಪಟ್ಟಿ ತೋರಿಸುತ್ತಾರಲ್ಲ, ಅದನ್ನು ಅನುಮಾನದಿಂದ ನೋಡಿ. 200 ರೂಪಾಯಿಯ ಷೇರು ಕಳೆದ ವರ್ಷ 8 ರೂಪಾಯಿ ಕೊಟ್ಟಿತ್ತು, 4%. ಈಗ ಬೆಲೆ 100ಕ್ಕೆ ಬಿತ್ತು. ಪಟ್ಟಿಯಲ್ಲಿ 8% ಅಂತ ಕಾಣುತ್ತದೆ. ಕಂಪನಿ ಜಾಸ್ತಿ ಕೊಡಲಿಲ್ಲ, ಬೆಲೆ ಅರ್ಧ ಆಯಿತು ಅಷ್ಟೇ. ಬಿದ್ದದ್ದು ಯಾಕೆ ಅಂತ ಮೊದಲು ಕೇಳಿ. ಆಮೇಲೆ ಐದು ವರ್ಷದ್ದು ತೆಗೆದು, ಒಂದು ಷೇರಿನ ಲಾಭದಲ್ಲಿ ಎಷ್ಟು ಪಾಲು ಹಂಚಿದ್ದಾರೆ ನೋಡಿ. ಲಾಭ 10, ಹಂಚಿದ್ದು 12 ಅಂತ ವರ್ಷ ವರ್ಷ ಬಂದರೆ ಅದು ಎಲ್ಲಿಂದಲೋ ತಂದು ಕೊಡುವುದು. ಜಮೀನು ಮಾರಿ ಒಂದು ಸಲ ಕೊಟ್ಟ ವಿಶೇಷ ಡಿವಿಡೆಂಡೂ ಈ ಪಟ್ಟಿಗಳಲ್ಲಿ ಸೇರಿಕೊಂಡಿರುತ್ತದೆ.

ಮ್ಯೂಚುವಲ್ ಫಂಡಿನ ಡಿವಿಡೆಂಡ್ ಪ್ಲಾನ್ ಅಂತ ಹಿಂದೆ ಕರೆಯುತ್ತಿದ್ದದ್ದಕ್ಕೆ 2021ರ ಏಪ್ರಿಲ್‌ನಿಂದ ಹೆಸರೇ ಬದಲಾಗಿದೆ. ಆದಾಯ ಹಂಚಿಕೆ ಮತ್ತು ಬಂಡವಾಳ ಹಿಂತೆಗೆತ ಅಂತ ಈಗಿನ ಹೆಸರಿನ ಅರ್ಥ. ನಿಮ್ಮ ದುಡ್ಡನ್ನೇ ನಿಮಗೆ ಕೊಡುತ್ತಿದ್ದೇವೆ ಅಂತ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಎರಡು ರೂಪಾಯಿ ಕೊಟ್ಟ ದಿನ ಯೂನಿಟ್ ಬೆಲೆ ಎರಡು ರೂಪಾಯಿ ಇಳಿಯುತ್ತದೆ.

ಹಾಗಾದರೆ ಷೇರು ಯಾಕೆ ಬೇಕು? ಡಿವಿಡೆಂಡಿಗಿಂತ ಜಾಸ್ತಿ ಮುಂದಿನ ಆನ್ಯುಟಿಗಾಗಿ ಬೇಕು. ಸ್ವಲ್ಪ ತಡೆಯಿರಿ, ಅದಕ್ಕೆ ಬರುತ್ತೇನೆ.

ಪಿಎಫ್‌ನಲ್ಲಿ 30 ಲಕ್ಷ ಹಿರಿಯರ ಯೋಜನೆಗೆ, 10 ಲಕ್ಷ ಪಾಲಿಸಿಗೆ ಹೋಯಿತು. 22 ಲಕ್ಷ ಉಳಿಯಿತು. ಇದನ್ನು ಒಂದು, ಎರಡು, ಮೂರು, ನಾಲ್ಕು, ಐದು ವರ್ಷದ ಎಫ್‌ಡಿಗಳಾಗಿ ಬಿಡಿಸಿ ಇಡಿ, 7% ಅಂತ ಲೆಕ್ಕ ಹಿಡಿಯೋಣ. ಒಂದೇ ಬ್ಯಾಂಕಿನಲ್ಲಿ ಬೇಡ. ಠೇವಣಿಗೆ ವಿಮೆ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ, ಬಡ್ಡಿಯೂ ಸೇರಿ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಗೆ ಆಸೆಪಟ್ಟು ಒಂದೇ ಸಹಕಾರ ಬ್ಯಾಂಕಿನಲ್ಲಿ ಪಿಎಫ್ ಪೂರ್ತಿ ಇಟ್ಟು ಪರದಾಡಿದವರನ್ನು ಈ ಊರಿನಲ್ಲಿ ನಾವೇ ಕಂಡಿದ್ದೇವೆ. ಗ್ರಾಚ್ಯುಟಿಯ 12 ಲಕ್ಷ ಆಸ್ಪತ್ರೆಗೆ, ಮನೆಯ ದೊಡ್ಡ ರಿಪೇರಿಗೆ. ಅದನ್ನು ಈ ಲೆಕ್ಕಕ್ಕೆ ತರುವುದೇ ಇಲ್ಲ.

ಮೊದಲ ವರ್ಷ 6 ಲಕ್ಷ ಖರ್ಚಿನಲ್ಲಿ ಖಚಿತ ಆದಾಯ 3,64,800, ಡಿವಿಡೆಂಡ್ 45,000. ಕಡಿಮೆ ಬೀಳುವುದು ಸುಮಾರು 1,90,000. ಇದು 22 ಲಕ್ಷದಿಂದ ಬರಬೇಕು. ಅದರ ಬಡ್ಡಿಯೇ ಸುಮಾರು 1.5 ಲಕ್ಷ, ಹಾಗಾಗಿ ಅಸಲು ಸ್ವಲ್ಪವೇ ಕರಗುತ್ತದೆ. ಖರ್ಚು ವರ್ಷಕ್ಕೆ 6% ಏರುತ್ತದೆ ಅಂದರೆ ಐದನೇ ವರ್ಷ ಇಲ್ಲಿಂದ ತೆಗೆಯಬೇಕಾದದ್ದು ಸುಮಾರು 3,48,000 ಆಗುತ್ತದೆ. ಕಾಗದದ ಮೇಲೆ ವರ್ಷ ವರ್ಷ ಇಳಿಸಿಕೊಂಡು ಬಂದೆ. ಐದು ವರ್ಷ ಮುಗಿದಾಗ 22 ಲಕ್ಷದಲ್ಲಿ ಸುಮಾರು 15 ಲಕ್ಷ ಉಳಿಯುತ್ತದೆ. ಹಿರಿಯರ ಯೋಜನೆಯ 30 ಲಕ್ಷ ಪೂರ್ತಿ ವಾಪಸ್ ಬರುತ್ತದೆ. ಷೇರು ಮುಟ್ಟಿಲ್ಲ.

ತೆರಿಗೆ? ಎಲ್ಲ ಕೂಡಿಸಿದರೆ ತೆರಿಗೆಗೆ ಬರುವ ಆದಾಯ ಆರು ಲಕ್ಷದ ಒಳಗೇ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಕಟ್ಟುವುದೇನೂ ಇಲ್ಲ. ಬ್ಯಾಂಕಿನವರು ಟಿಡಿಎಸ್ ಹಿಡಿಯದ ಹಾಗೆ ವರ್ಷದ ಆರಂಭದಲ್ಲೇ ಸ್ವಘೋಷಣೆ ಕೊಡಿ. ಒಂದು ಎಚ್ಚರ: ಷೇರು ಮಾರಿದಾಗಿನ ದೀರ್ಘಾವಧಿ ಲಾಭಕ್ಕೆ ಈ ರಿಯಾಯಿತಿ ಇಲ್ಲ. ವರ್ಷಕ್ಕೆ 1.25 ಲಕ್ಷ ದಾಟಿದ ಲಾಭಕ್ಕೆ 12.5% ಕಟ್ಟಬೇಕು. ಅದಕ್ಕೇ ಷೇರನ್ನು ಒಂದೇ ವರ್ಷ ಮಾರದೆ ಮೂರ್ನಾಲ್ಕು ಮಾರ್ಚ್‌ಗಳಿಗೆ ಹಂಚಿ ಮಾರುವುದು ಒಳ್ಳೆಯದು.

ಈಗ 65. ಬಿಡಲಾಗದ ಖರ್ಚು 36,000 ಇದ್ದದ್ದು 48,000 ಆಗಿದೆ. ಖಚಿತ ಆದಾಯ ಮಾತ್ರ ಅಲ್ಲೇ 30,400. ಅರವತ್ತಕ್ಕೇ ಎಲ್ಲ ಪಾಲಿಸಿಗೆ ಹಾಕಿದ್ದರೆ ಈಗ ಕೈಯಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ನನ್ನ ಹಾಗೆ. ಇವರ ಕೈಯಲ್ಲಿ 45 ಲಕ್ಷ ಬಿಡಿ ಹಣ ಇದೆ, ಜೊತೆಗೆ ಷೇರು. ಮನೆಯಾಕೆಗೆ 61 ಆಗಿರುವುದರಿಂದ ಆಕೆಯ ಹೆಸರಿನಲ್ಲೂ ಹಿರಿಯರ ಯೋಜನೆ ತೆರೆಯಬಹುದು. ಅರವತ್ತಕ್ಕೆ ಹಾಕಿದ 10 ಲಕ್ಷ ಮೊದಲ ಮೆಟ್ಟಿಲಾದರೆ, ಎರಡನೇ ಮೆಟ್ಟಿಲು ಆನ್ಯುಟಿ, ಇನ್ನೊಂದು 10 ಲಕ್ಷದ್ದು, ಆಗ. ಮೂರನೆಯದು 70ಕ್ಕೆ, ಈ ಸಲ ಅಸಲು ವಾಪಸ್ ಇಲ್ಲದ್ದು, ಚೀಟಿಯ ಲಾಭ ಸಿಗುವಂಥದ್ದು. ಅದಕ್ಕೆ ದುಡ್ಡು ಹತ್ತು ವರ್ಷ ಬೆಳೆದ ಷೇರಿನಿಂದ. ಮಾರುಕಟ್ಟೆ ಆ ವರ್ಷ ಬಿದ್ದಿದ್ದರೆ 71, 72ಕ್ಕೆ ಹಾಕಿ. ತಡವಾದಷ್ಟೂ ಆನ್ಯುಟಿಯ ದರ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ದೇಶದ ಬಡ್ಡಿದರವೇ ತೀರಾ ಕುಸಿಯದಿದ್ದರೆ.

ಆ ಅಪಾಯ ನಿಜ. ಹತ್ತು ವರ್ಷದ ನಂತರ ಬಡ್ಡಿ ಎಷ್ಟಿರುತ್ತದೆ ಅಂತ ಯಾರೂ ಹೇಳಲಾರರು. ಮೆಟ್ಟಿಲು ಮೆಟ್ಟಿಲಾಗಿ ಕೊಳ್ಳುವುದರಿಂದ ಒಂದೇ ದಿನದ ದರಕ್ಕೆ ತಗಲಿಕೊಳ್ಳುವುದು ತಪ್ಪುತ್ತದೆ. ಆರೋಗ್ಯ ಚೆನ್ನಾಗಿಲ್ಲದವರಿಗೆ ಅಸಲು ವಾಪಸ್ ಇಲ್ಲದ ಮೂರನೇ ಮೆಟ್ಟಿಲು ಬೇಡವೇ ಬೇಡ. ಆ ಚೀಟಿ ಬಹಳ ವರ್ಷ ಬದುಕುವವರಿಗೆ ಲಾಭ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದರು: "ಎಲ್ಲ ಯಜಮಾನರ ಲೆಕ್ಕವೇ ಆಯಿತು. ಅವರು ಮೊದಲು ಹೋದರೆ ನನಗೆ ಏನು ಬರುತ್ತೆ?" ಇದನ್ನೇ ಮೊದಲು ಕೇಳಬೇಕಿತ್ತು. ಇಪಿಎಸ್ ಅರ್ಧ ಆಗುತ್ತದೆ, 2,250. ಹಿರಿಯರ ಯೋಜನೆ ಜಂಟಿಯಾಗಿದ್ದರೆ, ಅಥವಾ ನಿಮ್ಮ ಒಬ್ಬರದೇ ನಾಮಿನೇಷನ್ ಇದ್ದರೆ, ಆ ಯೋಜನೆ ತೆರೆಯುವ ಅರ್ಹತೆ ಆಗ ನಿಮಗೂ ಇದ್ದರೆ, ಅವಧಿ ಮುಗಿಯುವವರೆಗೆ ನೀವೇ ಮುಂದುವರಿಸಬಹುದು. ಇಬ್ಬರಿಗೂ ಸೇರಿ ತೆಗೆದ ಪಾಲಿಸಿ 5,400 ಹಾಗೇ ಬರುತ್ತದೆ, ಯಜಮಾನರ ಒಬ್ಬರದೇ ಆಗಿದ್ದರೆ ಅವತ್ತಿಗೇ ನಿಲ್ಲುತ್ತದೆ. ಹಾಗಾಗಿ ಮೂರನೇ ಮೆಟ್ಟಿಲಿನಲ್ಲಿ ಒಂದು ಪಾಲು ನಿಮ್ಮ ಹೆಸರಿನಲ್ಲೇ ಇರಲಿ. ಡಿಮ್ಯಾಟ್ ಖಾತೆಯಲ್ಲಿ ನಾಮಿನಿ ಯಾರು ಅಂತ ಇವತ್ತು ಮನೆಗೆ ಹೋಗಿ ನೋಡಿ. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್, ಅದರ ಜೊತೆ ಷೇರು ಕೂಡ ಸರ್ಕಾರದ ನಿಧಿಗೆ ಹೋಗುತ್ತದೆ. ವಾಪಸ್ ತರಬಹುದು, ಆದರೆ ಓಡಾಡಿಸುತ್ತಾರೆ.

ಇನ್ನೊಂದು ಕೆಲಸ ಅಮ್ಮ. ಫಾರ್ಮ್ 10ಡಿ ಹಾಕುವಾಗ ಕುಟುಂಬದ ವಿವರದಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬರೆದಿದ್ದಾರಾ ಅಂತ ನೀವೇ ಓದಿ. ಮದುವೆಗೆ ಮುಂಚಿನ ಹೆಸರು ಬರೆದಿದ್ದರೆ ಅವರು ಇರುವಾಗಲೇ ಸರಿ ಮಾಡಿಸಿ, ಅವರದೊಂದು ಸಹಿ ಸಾಕು.